ಹನ್ನೊಂದೋ, ಹದಿನೇಳೋ?

ಕುಷ್ಟಗಿ ಹತ್ತಿರದ ಹಳ್ಳಿಯಿಂದ ತಂಗಿ ತನ್ನ ಮಗುವಿನ ಲಸಿಕೆ ಬರೆದಿರುವ ತಾಯಿ ಕಾರ್ಡಿನ ಫೋಟೊ ಕಳಿಸಿದ್ದಳು. ಕಾರ್ಡು ಮಡಚಿ ಮಡಚಿ ಸವೆದಿತ್ತು. ಐದು ರೋಗ ತಡೆಯುವ ಪೆಂಟಾ ಲಸಿಕೆಯ ಮೊದಲ ಡೋಸ್, ಅಂದರೆ ಪೆಂಟಾ-1ರ ತಾರೀಖು ಸರಿಯಾಗಿ ಮಡಿಕೆಯ ಮೇಲೇ ಬಿದ್ದಿತ್ತು. “ಅಕ್ಕಾ, ಇದು ಹನ್ನೊಂದೋ ಹದಿನೇಳೋ ತಿಳೀವಲ್ದು” ಅಂದಳು.

ಫೋಟೊ ಎಷ್ಟು ದೊಡ್ಡದು ಮಾಡಿದರೂ ಅಳಿಸಿದ ಗೆರೆ ಮೂಡೋದಿಲ್ಲ. ಆದರೆ ತಾರೀಖನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು. ಮಗು ಹುಟ್ಟಿದ್ದು 2025ರ ಜೂನ್ 2ಕ್ಕೆ. ಪೆಂಟಾ ಮೊದಲ ಡೋಸ್ ಆರು ವಾರ ತುಂಬಿದ ಮೇಲೆ, ಅಂದರೆ ಜುಲೈ 14ರ ನಂತರ. ಹನ್ನೊಂದಕ್ಕೆ ಆರು ವಾರ ತುಂಬಿರಲೇ ಇಲ್ಲ. ಅವರ ಊರಲ್ಲಿ ಲಸಿಕೆ ಹಾಕೋದು ಗುರುವಾರ. ಜುಲೈ 17 ಗುರುವಾರ, 11 ಶುಕ್ರವಾರ. ಎರಡು ಬೇರೆ ದಾರಿಯಿಂದ ಬಂದ ಉತ್ತರವೂ ಹದಿನೇಳೇ.

ಮುಂದಿನ ಡೋಸ್‌ಗೆ ಕನಿಷ್ಠ ನಾಲ್ಕು ವಾರದ ಅಂತರ ಬೇಕು. ಹಾಗಾಗಿ ಕಾರ್ಡಿನಲ್ಲಿ ‘ಮುಂದಿನ ದಿನ’ ಅಂತ ಆಗಸ್ಟ್ 14 ಬರೆದಿತ್ತು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಅದು ಬರಬೇಕಾದ ದಿನ, ಹಾಕಿದ ದಿನ ಅಲ್ಲ. ಆ ಹೊತ್ತಿಗೆ ತಂಗಿಯ ಮನೆಯವರು ಗುಳೆ ಹೋಗಿದ್ದರು. ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಸೆಪ್ಟೆಂಬರ್ 25ಕ್ಕೆ ಸೂಜಿ ಹಾಕಿ, ಕಾರ್ಡಿಗೆ ಸ್ಟಿಕರ್ ಅಂಟಿಸಿದ್ದರು.

ಸ್ಟಿಕರ್‌ನಲ್ಲಿ ‘ಪೆಂಟಾ’ ಅಂತ ಇರಲಿಲ್ಲ, ಕಂಪನಿ ಇಟ್ಟ ಹೆಸರಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ ಇವುಗಳ ಇಂಗ್ಲಿಷ್ ಹೆಸರು. ಈ ಐದೇ ಇದ್ದರೆ ಅದು ಪೆಂಟಾನೇ. ಎಷ್ಟನೇ ಡೋಸ್ ಅನ್ನೋದು ಸ್ಟಿಕರ್‌ನಲ್ಲಿ ಇರೋದಿಲ್ಲ, ನಾವೇ ಎಣಿಸಬೇಕು. ಇದು ಎರಡನೆಯದು. ತಡವಾಯ್ತು ಅಂತ ಮತ್ತೆ ಒಂದರಿಂದ ಶುರು ಮಾಡಬೇಕಿಲ್ಲ. ಮೂರನೆಯದಕ್ಕೆ ಸೆಪ್ಟೆಂಬರ್ 25ರಿಂದ 28 ದಿನ ಎಣಿಸಿದರೆ ಅಕ್ಟೋಬರ್ 23, ಅದೂ ಗುರುವಾರ. ಆದರೆ ದಡಾರ-ರುಬೆಲ್ಲಾದ ಮೊದಲ ಡೋಸ್ ಮಾತ್ರ ಇದರ ಜೊತೆ ಮುಂದಕ್ಕೆ ಹೋಗೋದಿಲ್ಲ. ಅದರ ಲೆಕ್ಕ ಹುಟ್ಟಿದ ದಿನದಿಂದ. ಒಂಬತ್ತು ತಿಂಗಳು ತುಂಬೋದು 2026ರ ಮಾರ್ಚ್ 2ಕ್ಕೆ.

ಅದೇ ಸ್ಟಿಕರ್‌ನಲ್ಲಿದ್ದ ‘08/2026’ ನೋಡಿ ತಂಗಿ ಮುಂದಿನ ಸೂಜಿ ಆಗ ಅಂದುಕೊಂಡಿದ್ದಳು. ಅದು ಬಾಟಲಿಯ ಎಕ್ಸ್‌ಪೈರಿ. ತಿಂಗಳು, ವರ್ಷ ಮಾತ್ರ ಇದ್ದು ದಿನ ಇಲ್ಲದಿದ್ದರೆ ಅದು ಮಗುವಿನದ್ದಲ್ಲ, ಔಷಧಿಯದ್ದು ಅಂತ ಅನುಮಾನ ಬರಬೇಕು.

ಪಕ್ಕದಲ್ಲೇ ಬ್ಯಾಚ್ ನಂಬರ್ ಇತ್ತು. ಅದರ ಒಂದು ಅಕ್ಷರ ಎಂಟೋ, ಇಂಗ್ಲಿಷಿನ ಬಿ ಅಕ್ಷರವೋ ಗೊತ್ತಾಗಲಿಲ್ಲ. ತಾರೀಖಿನ ಹಾಗೆ ಇದನ್ನು ಲೆಕ್ಕ ಹಾಕಿ ಕಂಡುಹಿಡಿಯೋಕೆ ಆಗೋದಿಲ್ಲ. ಮುಂದಿನ ಡೋಸ್‌ಗೆ ಈ ನಂಬರ್ ಬೇಕಾಗೋದಿಲ್ಲ, ಸೂಜಿಯ ನಂತರ ಮಗುವಿಗೆ ತೊಂದರೆಯಾದರೆ ಯಾವ ಬಾಟಲಿ ಅಂತ ಹುಡುಕಲು ಬೇಕು. ಒಂದು ಅಕ್ಷರ ತಪ್ಪಿದರೂ ಬೇರೆ ಬ್ಯಾಚ್ ಆಗಿಬಿಡುತ್ತದೆ. ನಾನು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ ಹಾಳೆಯಲ್ಲಿ, ಊಹಿಸಿ ಬರೆಯದೆ ಆ ಜಾಗ ಖಾಲಿ ಬಿಟ್ಟೆ. ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು, ಸ್ಟಿಕರ್ ಒಂದನ್ನೇ ಹತ್ತಿರದಿಂದ ಇನ್ನೊಂದು ಫೋಟೊ ತೆಗಿ ಅಂದೆ. ಅದರಲ್ಲಿ ಬಿ ಅಂತ ಸ್ಪಷ್ಟವಾಗಿ ಕಂಡಿತು.