ಬಾಟ್ಯುಲಿಸಂ: ಕುದಿಸಿದರೆ ಸಾಯದ್ದು, ಹುಳಿಗೆ ಹೆದರುವುದು

‘ಬಾಟ್ಯುಲಸ್’ ಎಂದರೆ ಲ್ಯಾಟಿನ್ನಿನಲ್ಲಿ ಸಾಸೇಜ್. ಕೆಟ್ಟ ಸಾಸೇಜ್ ತಿಂದವರಿಗೆ ತಗಲುತ್ತಿದ್ದ ಒಂದು ವಿಷಬಾಧೆಗೆ ಜರ್ಮನಿಯಲ್ಲಿ ಆ ಹೆಸರೇ ಅಂಟಿಕೊಂಡಿತು. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ನುಡಿಸಲು ಬಂದ ವಾದ್ಯಗಾರರು ಉಪ್ಪುನೀರಿನಲ್ಲಿಟ್ಟ ಹಂದಿಮಾಂಸ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಆ ಮಾಂಸದಿಂದಲೇ ಎಮಿಲ್ ವಾನ್ ಎರ್ಮೆಂಗೆಮ್ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಇಂದು ಅದರ ಹೆಸರು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ. ಮನೆಯಲ್ಲಿ ಜಾಮ್, ಸ್ಕ್ವಾಷ್ ಮಾಡಿ ಬಾಟಲಿಗೆ ತುಂಬುವವರಿಗೂ ಬಾಟ್ಯುಲಿಸಂ ಎಂಬ ಪದ ಬೇಕಾಗುತ್ತದೆ. ಮಾಂಸದಂತೆಯೇ ಮುಚ್ಚಿದ ಬಾಟಲಿಯೂ ಆ ಬ್ಯಾಕ್ಟೀರಿಯಾಕ್ಕೆ ಒಗ್ಗುವ ಜಾಗ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಬೀಜಾಣು, ಇನ್ನೊಂದು ವಿಷ. ಮಣ್ಣಿನಲ್ಲಿ, ಹಾಗಾಗಿ ಹಣ್ಣು ತರಕಾರಿಯ ಸಿಪ್ಪೆಯ ಮೇಲೂ, ಈ ಬ್ಯಾಕ್ಟೀರಿಯಾ ಬೀಜಾಣುವಾಗಿ ಮಲಗಿರುತ್ತದೆ. ಮಲಗಿರುವಷ್ಟು ದಿನ ದೊಡ್ಡವರಿಗೆ ಅದರಿಂದ ತೊಂದರೆ ಇಲ್ಲವೆಂದೇ ಹೇಳಬಹುದು. ಗಾಳಿ ಇಲ್ಲದ, ತೇವವಿರುವ, ಹುಳಿ ಕಡಿಮೆ ಇರುವ, ಬೆಚ್ಚಗಿನ ಜಾಗ ಸಿಕ್ಕಿತೋ, ಮೊಳೆತು ಬೆಳೆದು ವಿಷ ಉಗುಳುತ್ತದೆ. ವಿಷ ಬಿಸಿಗೆ ಬೇಗ ಬಗ್ಗುತ್ತದೆ, ಹತ್ತು ನಿಮಿಷ ಕುದಿಸಿದರೆ ನಾಶವಾಗುತ್ತದೆ. ಬೀಜಾಣು ಹಾಗಲ್ಲ. 100 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕುದಿಸಿದರೂ ಉಳಿಯಬಲ್ಲದು. ಅದನ್ನು ಕೊಲ್ಲಲು ಬಾಟಲಿಯ ನಟ್ಟನಡುವೆಯೂ 121 ಡಿಗ್ರಿ ಸುಮಾರು ಮೂರು ನಿಮಿಷ ಇರಬೇಕು. ಬರೀ ನೀರು ಕುದಿಸುವ ಪಾತ್ರೆಯಲ್ಲಿ ಆ ಬಿಸಿ ಬರುವುದೇ ಇಲ್ಲ, ಅದಕ್ಕೆಂದೇ ಮಾಡಿದ ಪ್ರೆಶರ್ ಕ್ಯಾನರ್ ಬೇಕು. ‘ಬಾಟಲಿಯನ್ನು ಚೆನ್ನಾಗಿ ಕುದಿಸಿದ್ದೆನಲ್ಲ’ ಎನ್ನುವ ಧೈರ್ಯ ಅರ್ಧ ಧೈರ್ಯ ಮಾತ್ರ. ಅದು ಬೂಸ್ಟು, ಯೀಸ್ಟ್‌ಗಳಿಗೆ ಸರಿ.

ಹಾಗಿದ್ದರೂ ಜಾಮ್ ತಿಂದವರು ಯಾಕೆ ಕಾಯಿಲೆ ಬೀಳುವುದಿಲ್ಲ? ಹುಳಿಯಿಂದ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬೀಜಾಣು ಮೊಳೆಯುವುದಿಲ್ಲ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಚೆನ್ನಾಗಿ ಗಟ್ಟಿಯಾದ ಜಾಮಿನದು 3ರ ಆಸುಪಾಸು. ಜೊತೆಗೆ ಅದರ ಸಕ್ಕರೆ ನೀರನ್ನೆಲ್ಲ ಹಿಡಿದಿಟ್ಟುಕೊಂಡು ಬೀಜಾಣುವಿಗೆ ಸಿಗದಂತೆ ಮಾಡುತ್ತದೆ. ಸ್ಕ್ವಾಷಿನಲ್ಲಿ ಸಕ್ಕರೆಯ ಕಾವಲು ಅಷ್ಟು ಬಿಗಿಯಲ್ಲ, ಭಾರವೆಲ್ಲ ಹುಳಿಯ ಮೇಲೆಯೇ. ನಿಂಬೆ, ಕಿತ್ತಳೆಯಾದರೆ ಚಿಂತೆಯಿಲ್ಲ. ಪಪಾಯಿ, ಬಾಳೆ, ಅಂಜೂರ, ಕಲ್ಲಂಗಡಿ ನಾಲಿಗೆಗೆ ಹಣ್ಣೇ ಆದರೂ ಪಿಎಚ್ ಲೆಕ್ಕದಲ್ಲಿ ಗಡಿಯ ಮೇಲೋ ಅದರಾಚೆಯೋ ನಿಲ್ಲುತ್ತವೆ. ಇಂಥವಕ್ಕೆ ನಿಂಬೆರಸ ರುಚಿಗೆಂದು ಹಾಕುವುದಲ್ಲ, ಪಾಕವಿಧಾನದಲ್ಲಿ ಬರೆದ ಅಳತೆಯನ್ನು ಕಡಿಮೆ ಮಾಡಲೇಬಾರದು.

ಟೊಮೆಟೊ ಇದಕ್ಕೆ ಒಳ್ಳೆಯ ಉದಾಹರಣೆ. ಹುಳಿ ಎಂದೇ ನಾವು ಅದನ್ನು ಅಡುಗೆಗೆ ಹಾಕುವುದು, ಆದರೆ ತಳಿ, ಹಣ್ಣಾದ ಹದ ನೋಡಿಕೊಂಡು ಪಿಎಚ್ 4.6ನ್ನು ದಾಟುವುದುಂಟು. ಜಜ್ಜಿ ಕುದಿಸಿದ ಟೊಮೆಟೊವನ್ನು ಅರ್ಧ ಲೀಟರ್ ಬಾಟಲಿಗೆ ತುಂಬುತ್ತೀರಿ ಎನ್ನಿ. ಮೊದಲು ಬಾಟಲಿಗೇ ಒಂದು ಟೇಬಲ್‌ಸ್ಪೂನ್ ನಿಂಬೆರಸ, ಇಲ್ಲವೇ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಹಾಕಿ. ನಿಂಬೆರಸ ಸೀಸೆಯಲ್ಲಿ ಮಾರುವಂಥದ್ದೇ ಇರಲಿ. ಮರದ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ, ಸೀಸೆಯದು ಒಂದೇ ಹದದ್ದು. ತುಂಬಾ ಹುಳಿಯೆನಿಸಿದರೆ ಸಕ್ಕರೆ ಸೇರಿಸಿ, ರಸ ತೆಗೆಯಬೇಡಿ. ಮೇಲೆ ಅರ್ಧ ಇಂಚು ಖಾಲಿ ಬಿಟ್ಟು, ಅಂಚು ಒರೆಸಿ, ಮುಚ್ಚಿ, ಬಾಟಲಿ ಪೂರ್ತಿ ಮುಳುಗುವಷ್ಟು ನೀರಿನಲ್ಲಿ 35 ನಿಮಿಷ ಕುದಿಸಬೇಕು. ಇದು ಸಮುದ್ರಮಟ್ಟದ ಲೆಕ್ಕ. ಎತ್ತರದ ಊರಿನಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಸಮಯ ಹೆಚ್ಚಬೇಕು. ಈ ಬಾಟಲಿಗೆ ಬೆಳ್ಳುಳ್ಳಿ, ಈರುಳ್ಳಿ, ಕ್ಯಾರೆಟ್ಟನ್ನು ಕೈಯಳತೆಯಲ್ಲಿ ಸೇರಿಸಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು, ಯಾಕೆಂದರೆ ಅವು ಹುಳಿಯಿಲ್ಲದ ತರಕಾರಿಗಳು.

ಬೂಸ್ಟಿನ ವಿಷಯಕ್ಕೆ ಬಂದರೆ, ಜಾಮಿನ ಮೇಲೆ ಬಂದ ಬೂಸ್ಟನ್ನು ಚಮಚದಲ್ಲಿ ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ನನಗೂ ಇತ್ತು. ಕೆಲವು ಬೂಸ್ಟುಗಳು ಹುಳಿಯನ್ನೇ ತಿಂದು ಪಿಎಚ್ ಏರಿಸುತ್ತವೆ ಎಂದು ತಿಳಿದ ಮೇಲೆ ಬಿಟ್ಟೆ. ಕಾವಲುಗಾರನನ್ನೇ ತಿಂದು ಹಾಕಿದ ಹಾಗೆ.

ಉಬ್ಬಿದ ಮುಚ್ಚಳ, ತೆಗೆದಾಗ ಚಿಮ್ಮುವ ರಸ, ಬಿರುಕಿನಿಂದ ಸೋರಿದ ಗುರುತು ಕಂಡರೆ ರುಚಿ ನೋಡಬೇಡಿ, ಎಸೆಯಿರಿ. ಆದರೆ ವಿಷವಿದ್ದೂ ವಾಸನೆ, ಬಣ್ಣ ಏನೂ ಬದಲಾಗದೆ ಇರಬಹುದು. ತಿಂದ 12ರಿಂದ 36 ಗಂಟೆಯೊಳಗೆ, ಕೆಲವೊಮ್ಮೆ ದಿನಗಳ ನಂತರ, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನಾಲಿಗೆ ತೊದಲುವುದು, ನುಂಗಲಾಗದಿರುವುದು ಶುರುವಾಗುತ್ತದೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಈ ನಿಶ್ಶಕ್ತಿ ಮುಖದಿಂದ ಕೆಳಕ್ಕಿಳಿದು ಉಸಿರಾಟದ ಸ್ನಾಯುಗಳನ್ನು ಮುಟ್ಟುತ್ತದೆ. ತಡಮಾಡದೆ ಆಸ್ಪತ್ರೆಗೆ ಹೋಗಿ ಏನು ತಿಂದಿರಿ ಎಂದು ಹೇಳಬೇಕು, ಬಾಟಲಿ ಉಳಿದಿದ್ದರೆ ಜೊತೆಗೊಯ್ಯಬೇಕು. ಪ್ರತಿವಿಷವಿದೆ, ಆದರೆ ಅದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನಷ್ಟೇ ಹಿಡಿಯುತ್ತದೆ, ಆಗಲೇ ನರಕ್ಕೆ ಅಂಟಿದ್ದನ್ನು ಬಿಡಿಸಲಾರದು.