‘ಇಲ್ಲಿ ಒತ್ತಿ’ ಅಂದರೆ ಎಲ್ಲಿ?

ಸಭೆಗೆ ಕರೆಯುವ ಒಂದು ಮೇಲ್ ಬಂದಿದೆ ಅಂದುಕೊಳ್ಳಿ. “ಕಾರ್ಯಕ್ರಮದ ವಿವರಕ್ಕೆ ಇಲ್ಲಿ ಒತ್ತಿ. ಹೆಸರು ನೋಂದಾಯಿಸಲು ಇಲ್ಲಿ ಒತ್ತಿ. ಹೋದ ಸಲದ ವರದಿಗೆ ಇಲ್ಲಿ ಒತ್ತಿ.” ಮೂರೂ ಕಡೆ ‘ಇಲ್ಲಿ ಒತ್ತಿ’ ಅನ್ನುವಷ್ಟು ಮಾತ್ರ ಲಿಂಕ್. ಕೊನೆಯಲ್ಲಿ `scan0012.pdf` ಅನ್ನುವ ಫೈಲ್. ಕಣ್ಣಿನಿಂದ ಓದುವವರಿಗೆ ಇದರಲ್ಲಿ ತೊಡಕು ಕಾಣುವುದಿಲ್ಲ. ಯಾವ ಲಿಂಕ್ ಯಾತಕ್ಕೆ ಅನ್ನುವುದು ಅದರ ಪಕ್ಕದಲ್ಲೇ ಇದೆಯಲ್ಲ.

ಈಗ ಇದೇ ಮೇಲನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳೋಣ. ಪರದೆಯ ಮೇಲಿನ ಅಕ್ಷರಗಳನ್ನು ದನಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅದು. ಬಳಸಿ ಪಳಗಿದವರು ಪ್ರತಿ ಸಲ ಮೇಲನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಾ ಕೂರುವುದಿಲ್ಲ. ಟ್ಯಾಬ್ ಕೀಲಿ ಒತ್ತಿ ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ಹಾರುತ್ತಾರೆ. ವಿಂಡೋಸ್‌ಗೆ ಉಚಿತವಾಗಿ ಸಿಗುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್‌ನಲ್ಲಿ `Insert+F7` ಒತ್ತಿದರೆ ಲಿಂಕ್‌ಗಳಷ್ಟೇ ಇರುವ ಪಟ್ಟಿಯೂ ತೆರೆದುಕೊಳ್ಳುತ್ತದೆ. ನಮ್ಮ ಮೇಲ್‌ನಲ್ಲಿ ಆ ಪಟ್ಟಿ ಹೇಳುವುದು ಇಷ್ಟೇ: ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ. ಯಾವುದು ಯಾವುದೆಂದು ತಿಳಿಯಲು ಮೂರು ಸಲವೂ ಹಿಂದೆ ಹೋಗಿ ಸಾಲನ್ನು ಕೇಳಿಸಿಕೊಳ್ಳಬೇಕು.

ಲಿಂಕ್‌ನ ಮಾತು ಸುತ್ತಲಿನ ವಾಕ್ಯವಿಲ್ಲದೆ ಒಂಟಿಯಾಗಿ ಕೇಳಿಸುತ್ತದೆ ಅನ್ನುವುದನ್ನು ಹಿಡಿದುಕೊಂಡರೆ ಪರಿಹಾರ ತಾನಾಗಿ ಹೊಳೆಯುತ್ತದೆ. ‘ಕಾರ್ಯಕ್ರಮದ ವಿವರ’, ‘ನೋಂದಣಿ ಅರ್ಜಿ’, ‘ಹೋದ ಸಲದ ವರದಿ’ ಅನ್ನುವ ಮಾತುಗಳನ್ನೇ ಲಿಂಕ್ ಮಾಡಿ. ‘ಒತ್ತಿ’ ಅನ್ನುವುದು ಬೇಕಾಗಿಯೇ ಇಲ್ಲ, ಅದು ಲಿಂಕ್ ಎಂದು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಬೇರೆ ಮಾಡಿ ತೋರಿಸುವ ಪದ ಮೊದಲೇ ಬರಲಿ. ‘ನಮ್ಮ ಸಭೆಗೆ ಸಂಬಂಧಿಸಿದ ನೋಂದಣಿ ಅರ್ಜಿ’ ಅಂದರೆ ಬೇಕಾದ ಪದಕ್ಕೆ ಸುಮ್ನೆ ಕಾಯಬೇಕಾಗುತ್ತದೆ. ಪಟ್ಟಿ ಕೇಳುವವರು ಮೊದಲ ಒಂದೆರಡು ಪದಕ್ಕೇ ಮುಂದೆ ಹೋಗಿಬಿಡುತ್ತಾರೆ.

ಬರೀ ಅಕ್ಷರಗಳ ಮೇಲ್‌ನಲ್ಲಿ, ಅಂದರೆ ಪ್ಲೇನ್ ಟೆಕ್ಸ್ಟ್‌ನಲ್ಲಿ, ಈ ಉಪಾಯ ನಡೆಯುವುದಿಲ್ಲ. ಅಲ್ಲಿ ವಿಳಾಸವನ್ನೇ ಬರೆಯಬೇಕು. ಆಗ ವಿವರಣೆ ಮೊದಲು ಬರಲಿ, ವಿಳಾಸ ಅದರ ಕೆಳಗೆ ಬೇರೆ ಸಾಲಿನಲ್ಲಿರಲಿ.

```
ನೋಂದಣಿ ಅರ್ಜಿ, ಮೇ 10ರೊಳಗೆ ತುಂಬಿ:
https://example.org/nondani
```

ಹೀಗಿದ್ದರೆ ವಿಳಾಸ ಶುರುವಾಗುವ ಮೊದಲೇ ಅದು ಯಾವುದರದ್ದು ಅಂತ ಗೊತ್ತಾಗಿರುತ್ತದೆ. ಉದ್ದದ ವಿಳಾಸವನ್ನು ಚಿಕ್ಕದು ಮಾಡಿಕೊಡುವ ಸೇವೆಗಳನ್ನು ಬಳಸಲು ನನಗೆ ಮನಸ್ಸಿಲ್ಲ. ಕೇಳಲು ಚಿಕ್ಕದಾಗುತ್ತದೆ ನಿಜ, ಆದರೆ ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದು ಮರೆಯಾಗುತ್ತದೆ. ಮೇಲಾಗಿ ಮೊದಲು ಆ ಸೇವೆಯನ್ನು ಮುಟ್ಟಿ, ಅಲ್ಲಿಂದ ನಿಜವಾದ ಪುಟಕ್ಕೆ ಹೋಗಬೇಕು. ನೆಟ್ ನಿಧಾನ ಇರುವ ಕಡೆ ಆ ಒಂದು ಸುತ್ತು ಕೂಡ ಕಾಯಿಸುತ್ತದೆ.

ಫೈಲ್‌ನ ಹೆಸರೂ ಒಂಟಿಯಾಗಿಯೇ ಕೇಳಿಸುತ್ತದೆ. ಇಲ್ಲಿ ನೆಟ್ ನಿಧಾನ ಇರುವವರೂ ಸ್ಕ್ರೀನ್ ರೀಡರ್ ಬಳಸುವವರೂ ಒಂದೇ ಕಡೆ ನಿಲ್ಲುತ್ತಾರೆ. ತೆರೆಯಬೇಕೋ ಬೇಡವೋ ಅನ್ನುವುದನ್ನು ಹೆಸರು ನೋಡಿಯೇ ತೀರ್ಮಾನಿಸಬೇಕು. `scan0012.pdf` ಏನನ್ನೂ ಹೇಳುವುದಿಲ್ಲ. `varadi-sabhe-2024-03.pdf` ಅಂತಿಟ್ಟರೆ ವರದಿ, ಸಭೆ, ವರ್ಷ, ತಿಂಗಳು ಎಲ್ಲ ಸಿಗುತ್ತದೆ. ನಡುವಿನ ಅಡ್ಡಗೆರೆಗಳಿಂದ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. `varadisabhe202403` ಅಂತ ಅಂಟಿಸಿಟ್ಟರೆ ಪದಗಳು ಗೋಜಲಾಗುತ್ತವೆ, ಅಂಕಿಗಳು ಎರಡು ಲಕ್ಷದ ಸಂಖ್ಯೆಯಾಗಿಯೂ ಕೇಳಿಸಬಹುದು.

ಆದರೆ ಹೆಸರು ಸರಿಯಿದ್ದ ಮಾತ್ರಕ್ಕೆ ಫೈಲ್ ಸರಿಯಾಗುವುದಿಲ್ಲ. ಸ್ಕ್ಯಾನ್ ಮಾಡಿದ ಕಾಗದ ಬರೀ ಚಿತ್ರ, ಅದರೊಳಗೆ ಅಕ್ಷರಗಳಿಲ್ಲ. ಪಿಡಿಎಫ್ ತೆರೆದು ಒಂದು ಪದವನ್ನು ಮೌಸ್‌ನಿಂದ ಆಯ್ದು ನೋಡಿ. ಆಯ್ಕೆಯೇ ಆಗದಿದ್ದರೆ ಸ್ಕ್ರೀನ್ ರೀಡರ್‌ಗೂ ಅಲ್ಲಿ ಓದಲು ಅಕ್ಷರ ಇಲ್ಲ ಅಂತಲೇ ಅರ್ಥ.

ಚಿತ್ರದ ತೂಕವೂ ಜಾಸ್ತಿ. ಮೇಲ್ ವ್ಯವಸ್ಥೆ ಹುಟ್ಟಿದ್ದು ಅಕ್ಷರ ಸಾಗಿಸಲು. ಹಾಗಾಗಿ ಫೈಲ್‌ಗಳನ್ನು ಬೇಸ್64 ಅನ್ನುವ ವಿಧಾನದಲ್ಲಿ ಅಕ್ಷರಗಳಾಗಿ ಬದಲಾಯಿಸಿ ಕಳಿಸುತ್ತಾರೆ. ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕು. 3 ಎಂಬಿಯ ಆಹ್ವಾನದ ಚಿತ್ರ ದಾರಿಯಲ್ಲಿ 4 ಎಂಬಿ ದಾಟುತ್ತದೆ. ಸೆಕೆಂಡಿಗೆ 100 ಕಿಲೋಬಿಟ್ ಬರುವ ಸಂಪರ್ಕ ಅಂದರೆ ಸೆಕೆಂಡಿಗೆ 12.5 ಕಿಲೋಬೈಟ್, ಆ ಚಿತ್ರ ಇಳಿಯಲು 5 ನಿಮಿಷಕ್ಕಿಂತ ಹೆಚ್ಚು ಬೇಕು. ಅದರಲ್ಲಿರುವ ಮಾತನ್ನೇ ಟೈಪ್ ಮಾಡಿದರೆ? 500 ಕನ್ನಡ ಅಕ್ಷರ ಚಿಹ್ನೆಗಳಿಗೆ ತಲಾ 3 ಬೈಟ್‌ನಂತೆ 1,500 ಬೈಟ್, ಬೇಸ್64 ಆದಮೇಲೆ ಸುಮಾರು 2,000. ಅರ್ಧ ಸೆಕೆಂಡೂ ಬೇಡ.

ಟೈಪ್ ಮಾಡುವಾಗ ಸ್ಪೇಸ್ ಒತ್ತಿ ಒತ್ತಿ ಪಟ್ಟಿಯಂತೆ ಜೋಡಿಸಬೇಡಿ. ಸ್ಕ್ರೀನ್ ರೀಡರ್ ಪ್ರತಿ ಸಾಲನ್ನು ಎಡದಿಂದ ಬಲಕ್ಕೆ ಓದುತ್ತದೆ. ಮೇಲಿನ ಸಾಲಿನಲ್ಲಿ ‘ಸಮಯ, ಜಾಗ, ವಿಷಯ’ ಅಂತಿದ್ದು, ಕೆಳಗಿನ ಸಾಲಿನಲ್ಲಿ ‘10, 3, 2’ ಅಂತ ಬಂದರೆ ಯಾವ ಅಂಕಿ ಯಾವುದರದ್ದು ಅಂತ ಕಿವಿಗೆ ತಿಳಿಯುವುದು ಹೇಗೆ? “ಬೆಳಿಗ್ಗೆ 10ಕ್ಕೆ, 3ನೇ ಕೊಠಡಿಯಲ್ಲಿ, ಎರಡನೇ ವಿಷಯದ ಚರ್ಚೆ” ಅಂತ ವಾಕ್ಯವಾಗಿಯೇ ಬರೆಯಿರಿ.

ಕಳಿಸುವ ಮುಂಚೆ ನಾನು ಮಾಡುವ ಪರೀಕ್ಷೆ ಚಿಕ್ಕದು. ಮೇಲ್‌ನ ಲಿಂಕ್‌ಗಳ ಮಾತನ್ನೂ ಫೈಲ್‌ಗಳ ಹೆಸರನ್ನೂ ಮಾತ್ರ ಬೇರೆ ಕಡೆ ನಕಲು ಮಾಡಿ ಓದುತ್ತೇನೆ. ಯಾವುದು ಏನು ಅಂತ ಅಷ್ಟರಿಂದಲೇ ಗೊತ್ತಾಗದಿದ್ದರೆ, ವಾಪಸ್ ಹೋಗಿ ತಿದ್ದುತ್ತೇನೆ.