ಮನೆ ವಿಮೆ ಇದ್ದರೆ ಹೋಂಸ್ಟೇಗೂ ಸಾಕಾ?

ಪ್ರಶ್ನೆ: ಚಿತ್ರದುರ್ಗದಲ್ಲಿ ಕೋಟೆಗೆ ಹತ್ತಿರ ನಮ್ಮ ಎರಡಂತಸ್ತಿನ ಮನೆ ಇದೆ. ಕೆಳಗೆ ನಾವಿದ್ದೇವೆ. ಮೇಲಿನ ಮೂರು ರೂಮುಗಳನ್ನು ಹೋಂಸ್ಟೇ ಮಾಡಿದ್ದೇವೆ. ಮನೆ ಸಾಲ ತಗೊಂಡಾಗ ಬ್ಯಾಂಕಿನವರು 30 ಲಕ್ಷಕ್ಕೆ ವಿಮೆ ಮಾಡಿಸಿದ್ದರು. ಅದೇ ಸಾಕಾ, ಬೇರೆ ಬೇಕಾ?

ಉತ್ತರ: ಸಾಲದು. ಮೊದಲು ಆ 30 ಲಕ್ಷದ ಪಾಲಿಸಿಯನ್ನು ತೆಗೆದು ಓದಿ. ಸಾಲದ ಜೊತೆ ಬರುವ ವಿಮೆ ಎಷ್ಟೋ ಸಲ ಕಟ್ಟಡದ್ದಾಗಿರುವುದಿಲ್ಲ. ಸಾಲ ಪಡೆದವರು ತೀರಿಕೊಂಡರೆ ಬಾಕಿ ಕಟ್ಟುವ ಜೀವ ವಿಮೆ ಆಗಿರುತ್ತದೆ. ಅದು ಬೆಂಕಿಗೂ ಮಳೆಗೂ ಒಂದು ರೂಪಾಯಿ ಕೊಡುವುದಿಲ್ಲ.

ಅದು ಕಟ್ಟಡದ ವಿಮೆಯೇ ಆಗಿದ್ದರೆ ಬಹುಶಃ 'ಭಾರತ್ ಗೃಹ ರಕ್ಷಾ' ಇರುತ್ತದೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡುತ್ತಿರುವ ಮನೆ ವಿಮೆ ಇದು. ಒಳ್ಳೆಯ ಪಾಲಿಸಿ, ಆದರೆ ವಾಸದ ಮನೆಗೆ. ದುಡ್ಡು ತಗೊಂಡು ದಿನಕ್ಕೊಬ್ಬ ಅತಿಥಿಯನ್ನು ಇಳಿಸಿಕೊಂಡರೆ ಕಟ್ಟಡದ ಬಳಕೆಯೇ ಬದಲಾಯಿತು. ಅದನ್ನು ಕಂಪನಿಗೆ ಲಿಖಿತವಾಗಿ ತಿಳಿಸದೇ ಇದ್ದರೆ, ನಷ್ಟವಾದ ದಿನ ಬರುವ ಸರ್ವೇಯರ್ ಮೇಲಿನ ಮಹಡಿಯ ಬೋರ್ಡು, ಬುಕಿಂಗ್ ರಿಜಿಸ್ಟರ್ ನೋಡಿ ಅದನ್ನೇ ವರದಿಯಲ್ಲಿ ಬರೆಯುತ್ತಾರೆ. ಕ್ಲೇಮು ಅಲ್ಲಿಗೇ ನಿಲ್ಲಬಹುದು.

ನಿಮಗೆ ಹೊಂದುವುದು 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ'. ಒಂದು ಜಾಗದಲ್ಲಿರುವ ಕಟ್ಟಡ, ಸಾಮಾನು ಎಲ್ಲ ಸೇರಿ 5 ಕೋಟಿ ಮೀರದ ಸಣ್ಣ ವ್ಯವಹಾರಗಳಿಗೆ ಇರುವ ಪಾಲಿಸಿ ಇದು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ನೀರಿನ ಟ್ಯಾಂಕ್ ಒಡೆದು ಆಗುವ ಹಾನಿ ಇದರಲ್ಲಿ ಸೇರಿವೆ. ಅರ್ಜಿಯಲ್ಲಿ 'ಕೆಳಗೆ ವಾಸ, ಮೇಲೆ ಹೋಂಸ್ಟೇ' ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಎಷ್ಟು ಮೊತ್ತಕ್ಕೆ ಮಾಡಿಸಬೇಕು? ಇಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ಸಾಲ ಎಷ್ಟಿದೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಸೈಟಿನ ಬೆಲೆಯೂ ಬೇಡ, ನೆಲ ಸುಡುವುದಿಲ್ಲ ಅಲ್ವಾ? ಇವತ್ತು ಅದೇ ಕಟ್ಟಡವನ್ನು ಮತ್ತೆ ಕಟ್ಟಲು ಎಷ್ಟಾಗುತ್ತದೆ, ಅದೇ ಮೊತ್ತ. ನಿಮ್ಮದು 2,400 ಚದರಡಿ ಇದೆ, ಚದರಡಿಗೆ 2,000 ರೂಪಾಯಿ ಬೀಳುತ್ತದೆ ಎಂದುಕೊಳ್ಳೋಣ. 48 ಲಕ್ಷ ಆಯಿತು. ನೀವು 30 ಲಕ್ಷಕ್ಕೇ ಮಾಡಿಸಿದಿರಿ, ವೈರಿಂಗ್‌ನಿಂದ ಬೆಂಕಿ ಹತ್ತಿ 8 ಲಕ್ಷದ ಹಾನಿಯಾಯಿತು ಅನ್ನಿ. ಪಾಲಿಸಿ 30 ಲಕ್ಷದ್ದು, ನಷ್ಟ ಬರೀ 8, ಪೂರ್ತಿ ಸಿಗುತ್ತದೆ ಎಂದು ಅನ್ನಿಸುತ್ತದೆ. ಸಿಗುವುದಿಲ್ಲ. ಈ ಪಾಲಿಸಿಯಲ್ಲಿ ಶೇ. 15ರಷ್ಟು ಕಡಿಮೆ ವಿಮೆಯನ್ನು ಮಾಫಿ ಮಾಡುತ್ತಾರೆ. ಕೊರತೆ ಅದಕ್ಕಿಂತ ಜಾಸ್ತಿ ಇದ್ದರೆ ನಷ್ಟವನ್ನೂ ಅದೇ ಪಾಲಿನಲ್ಲಿ ಹಂಚುತ್ತಾರೆ. 48ರಲ್ಲಿ 30 ಎಂದರೆ 8 ಲಕ್ಷಕ್ಕೆ 5 ಲಕ್ಷ. ಉಳಿದ 3 ಲಕ್ಷ ನಿಮ್ಮ ಕೈಯಿಂದ.

ಇನ್ನು ರೂಮಿನ ಸಾಮಾನು. ಮಂಚ, ಹಾಸಿಗೆ, ಟಿವಿ, ಎಸಿ, ಗೀಸರ್ ಇವುಗಳಿಗೆ ಬಿಲ್ಲು, ಫೋಟೋ ಸಮೇತ ಪಟ್ಟಿ ಮಾಡಿ ಅದೇ ಪಾಲಿಸಿಗೆ ಸೇರಿಸಬಹುದು. ಆದರೆ ಕಳ್ಳತನಕ್ಕೆ ಬೇರೆ ರಕ್ಷಣೆ ಬೇಕು. ಆ ಬರ್ಗ್ಲರಿ ಪಾಲಿಸಿಯಲ್ಲೂ ಒಂದು ಷರತ್ತಿದೆ: ಬೀಗ ಮುರಿದೋ ಕಿಟಕಿ ಕಿತ್ತೋ ಒಳಗೆ ಬಂದ ಗುರುತು ಇರಬೇಕು. ನೀವೇ ಕೀಲಿ ಕೊಟ್ಟು ಇಳಿಸಿಕೊಂಡ ಅತಿಥಿ ಬೆಳಗಿನ ಜಾವ ಟಿವಿ ಹೊತ್ತುಕೊಂಡು ಹೋದರೆ ಅದು ಇದರಲ್ಲಿ ಬರುವುದಿಲ್ಲ. ಬೀಗ ಮುರಿಯದ ಕಳ್ಳತನವನ್ನೂ ಸೇರಿಸುತ್ತೀರಾ ಎಂದು ಕೇಳಿ. ಸೇರಿಸಿದರೂ ಅತಿಥಿಯೇ ಕದ್ದದ್ದನ್ನು ಹೊರಗಿಟ್ಟಿದ್ದಾರಾ ನೋಡಿಕೊಳ್ಳಿ.

ನನಗೆ ನಿಜವಾಗಿ ಚಿಂತೆ ಇರುವುದು ಮೂರನೆಯದರ ಬಗ್ಗೆ. ಕಟ್ಟಡಕ್ಕೆ ಆಗುವ ನಷ್ಟಕ್ಕೆ ಒಂದು ಮಿತಿ ಇದೆ. ಅತಿಥಿಯ ಮೈಗೆ ಪೆಟ್ಟಾದರೆ ಆ ಮಿತಿ ಇಲ್ಲ. ನಿಮ್ಮ ತಾರಸಿಯ ಪ್ಯಾರಾಪೆಟ್ ಎರಡೂವರೆ ಅಡಿ ಎಂದುಕೊಳ್ಳಿ. ರಾತ್ರಿ ಕೋಟೆಯ ಕಡೆ ನೋಡುತ್ತಾ ಕೂತ ಒಬ್ಬರು ಆಯ ತಪ್ಪಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ 4 ಲಕ್ಷ ಖರ್ಚಾಯಿತು. ಆರು ತಿಂಗಳು ಸಂಬಳವಿಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 12 ಲಕ್ಷ ಪರಿಹಾರ ಕೇಳಿದರು. ಪ್ಯಾರಾಪೆಟ್ ಗಿಡ್ಡ, ತಾರಸಿಯಲ್ಲಿ ದೀಪ ಇರಲಿಲ್ಲ ಎನ್ನುವುದು ಅವರ ವಾದ.

ಇದಕ್ಕೆ ಬೇಕಾದದ್ದು ಪಬ್ಲಿಕ್ ಲಯಬಿಲಿಟಿ ವಿಮೆ. ಆಯೋಗವೋ ಕೋರ್ಟೋ ನಿಮ್ಮ ನಿರ್ಲಕ್ಷ್ಯ ಎಂದು ತೀರ್ಮಾನಿಸಿದರೆ ಪರಿಹಾರವನ್ನು ಕಂಪನಿ ಕೊಡುತ್ತದೆ. ಅದರ ಒಪ್ಪಿಗೆ ಪಡೆದು ಮಾಡಿದ ವಕೀಲರ ಖರ್ಚನ್ನೂ ಕೊಡುತ್ತದೆ. ಒಂದು ಅಪಘಾತಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂಬ ಎರಡು ಮಿತಿ ಪಾಲಿಸಿಯಲ್ಲಿ ಇರುತ್ತವೆ. ಮೊದಲನೆಯದು 25 ಲಕ್ಷಕ್ಕಿಂತ ಕಡಿಮೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಊಟ ಕೊಡುತ್ತಿದ್ದರೆ ಊಟದಿಂದ ಆಗುವ ತೊಂದರೆಯನ್ನೂ, ಈಜುಕೊಳ ಇದ್ದರೆ ಅದನ್ನೂ ಹೆಸರು ಹೇಳಿ ಸೇರಿಸಬೇಕು. ಸುಮ್ನೆ 'ಎಲ್ಲ ಇದೆ' ಎನ್ನುವ ಏಜೆಂಟರ ಮಾತು ಸಾಲದು, ಪಾಲಿಸಿಯಲ್ಲೇ ಬರೆದಿರಬೇಕು. ನಿಮ್ಮ ಕೆಲಸದವರಿಗೆ ಪೆಟ್ಟಾದರೆ ಇದು ಅನ್ವಯಿಸುವುದಿಲ್ಲ, ಅದಕ್ಕೆ ನೌಕರರ ಪರಿಹಾರ ವಿಮೆ ಬೇರೆಯೇ ಇದೆ.

ಇದು ಅತಿಥಿಯ ಅಪಘಾತ ವಿಮೆ ಅಲ್ಲ ಎನ್ನುವುದೂ ಗೊತ್ತಿರಲಿ. ಅವರೇ ಕುಡಿದು ಮೆಟ್ಟಿಲಲ್ಲಿ ಜಾರಿದರು, ನಿಮ್ಮ ತಪ್ಪೇನೂ ಇಲ್ಲ ಎಂದಾದರೆ ಕಂಪನಿ ಆಸ್ಪತ್ರೆ ಬಿಲ್ಲು ಕೊಡುವುದಿಲ್ಲ, ನಿಮ್ಮ ಪರವಾಗಿ ವಾದ ಮಾತ್ರ ಮಾಡುತ್ತದೆ.

'ಯಾವುದೇ ಅನಾಹುತಕ್ಕೆ ಮಾಲೀಕರು ಜವಾಬ್ದಾರರಲ್ಲ' ಎಂಬ ಬೋರ್ಡು ಹಾಕಿದ್ದೇವಲ್ಲ ಎಂದು ಬಹಳ ಜನ ಕೇಳುತ್ತಾರೆ. ಅತಿಥಿಯ ಕಾರಿನ ಕೀಲಿ ಪಡೆದು ತಾನೇ ನಿಲ್ಲಿಸಿಕೊಟ್ಟ ಹೋಟೆಲೊಂದು, ಕಾರು ಕಳುವಾದಾಗ ಟೋಕನ್‌ನಲ್ಲಿ ಅಚ್ಚಾಗಿದ್ದ ಇಂಥದ್ದೇ ಸಾಲನ್ನು ತೋರಿಸಿತ್ತು. ತನ್ನದೇ ನಿರ್ಲಕ್ಷ್ಯ ಇದ್ದಾಗ ಹೋಟೆಲ್ ಆ ಸಾಲನ್ನು ತೋರಿಸಿ ತಪ್ಪಿಸಿಕೊಳ್ಳಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅತಿಥಿಯ ಕಾರು, ಒಡವೆ, ಲ್ಯಾಪ್‌ಟಾಪ್ ನಿಮ್ಮ ವಶದಲ್ಲಿದ್ದಾಗ ಹೋದರೆ ಸಾಮಾನ್ಯ ಲಯಬಿಲಿಟಿ ಪಾಲಿಸಿ ಅದನ್ನು ಹೊರಗಿಡುತ್ತದೆ. ಆದ್ದರಿಂದ ಕಾರಿನ ಕೀಲಿ ನೀವು ಇಟ್ಟುಕೊಳ್ಳಲೇಬೇಡಿ.

ಅಪಘಾತ ಆದ ದಿನ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದರಲ್ಲಿ ಯೋಚನೆಯೇ ಬೇಡ. ಆದರೆ 'ತಪ್ಪು ನಮ್ಮದೇ, ಖರ್ಚೆಲ್ಲ ಕೊಡುತ್ತೇವೆ' ಎಂದು ವಾಟ್ಸಾಪ್‌ನಲ್ಲಿ ಬರೆಯಬೇಡಿ. ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳಬಾರದು, ರಾಜಿ ಮಾಡಿಕೊಳ್ಳಬಾರದು ಎಂಬ ಷರತ್ತು ಪಾಲಿಸಿಯಲ್ಲಿದೆ. ಜಾಗದ ಫೋಟೋ ತೆಗೆದು ಅದೇ ದಿನ ಇಮೇಲ್ ಮಾಡಿ. ಲಾಯರ್ ನೋಟಿಸ್ ಬರಲಿ ಎಂದು ಕಾಯಬೇಡಿ. ಈ ಪಾಲಿಸಿಯಲ್ಲಿ ಪರಿಹಾರದ ಬೇಡಿಕೆ ಬಂದಾಗಲೂ ವಿಮೆ ಚಾಲ್ತಿಯಲ್ಲಿರಬೇಕು. ಹೋದ ವರ್ಷ ಬಿದ್ದವರು ಈ ವರ್ಷ ನೋಟಿಸ್ ಕಳಿಸಬಹುದು. ನಡುವೆ ನವೀಕರಣ ತಪ್ಪಿದ್ದರೆ ಎರಡೂ ವರ್ಷದ ಪ್ರೀಮಿಯಂ ಕಟ್ಟಿಯೂ ಕೈ ಖಾಲಿ.

ಈ ಮೂರನ್ನೂ ಒಂದೇ ಪ್ಯಾಕೇಜ್ ಪಾಲಿಸಿಯಲ್ಲಿ ಕೊಡುವ ಕಂಪನಿಗಳಿವೆ. ಅದರಲ್ಲಿ ಪ್ರತಿ ಭಾಗದ ಎದುರಿಗೂ ಮೊತ್ತ ಅಚ್ಚಾಗಿದೆಯೇ ನೋಡಿ. ಖಾಲಿ ಬಿಟ್ಟಿದ್ದರೆ ಆ ಭಾಗವನ್ನು ನೀವು ಕೊಂಡಿಲ್ಲ ಎಂದೇ ಅರ್ಥ. ಹೊಸದು ಕೈಗೆ ಬರುವ ತನಕ ಬ್ಯಾಂಕಿನ ಪಾಲಿಸಿ ರದ್ದು ಮಾಡಿಸಬೇಡಿ. ಸಾಲ ತೀರುವವರೆಗೆ ಹೊಸ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಸೇರಿಸಿ, ಅದರ ಒಂದು ಪ್ರತಿಯನ್ನು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.